ಹುಡಿಯಾದ ಎಲುಬು, ಮರಳಿ ಬರುವ ದೇಹ

ಮಕ್ಕಾದಲ್ಲಿ ಪ್ರವಾದಿ ಮುಹಮ್ಮದರ ಬೋಧನೆಯನ್ನು ವಿರೋಧಿಸುತ್ತಿದ್ದವರಲ್ಲಿ ಒಬ್ಬ ಒಂದು ದಿನ ಹಳೆಯ, ಜೀರ್ಣವಾದ ಎಲುಬೊಂದನ್ನು ಹಿಡಿದುಕೊಂಡು ಅವರ ಬಳಿ ಬಂದನಂತೆ. ಅವರ ಕಣ್ಣೆದುರೇ ಅದನ್ನು ಅಂಗೈಯಲ್ಲಿ ಹಿಸುಕಿ ಹುಡಿ ಮಾಡಿ, ಇದಕ್ಕೂ ದೇವರು ಜೀವ ಕೊಡುತ್ತಾನೆ ಎನ್ನುತ್ತೀಯಾ ಎಂದು ಕೇಳಿದನಂತೆ. ಕುರ್‌ಆನಿನ 36ನೇ ಅಧ್ಯಾಯವಾದ ಯಾಸೀನಿನ ಕೊನೆಯ ವಚನಗಳು ಇಳಿದುಬಂದ ಸಂದರ್ಭ ಇದು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಆ ವಚನಗಳ ಉತ್ತರ ಚಿಕ್ಕದು: ಮೊದಲ ಸಲ ಯಾರು ಅದನ್ನು ಉಂಟುಮಾಡಿದನೋ ಅವನೇ ಮತ್ತೆ ಜೀವ ಕೊಡುತ್ತಾನೆ.

ಪ್ರಶ್ನೆ ಕೇಳಿದವನ ಬಾಯಿ ಅಂದಿಗೆ ಮುಚ್ಚಿರಬಹುದು. ಪ್ರಶ್ನೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ಬಗ್ದಾದ್, ನಿಶಾಪುರ, ಸಮರ್ಕಂದಗಳ ಪಂಡಿತರು ಶತಮಾನಗಳ ಕಾಲ ಅದೇ ಎಲುಬಿನ ಹುಡಿಯನ್ನು ಮುಂದಿಟ್ಟುಕೊಂಡು ವಾದಿಸಿದರು. ಸತ್ತವನ ದೇಹ ಮರಳಿ ಬರುವುದೇ ನಿಜವಾದರೆ ಅದು ಯಾವ ದೇಹ? ಮಣ್ಣಾಗಿ, ಪೈರಾಗಿ, ಇನ್ನೊಬ್ಬನ ಹೊಟ್ಟೆ ಸೇರಿ, ಅವನ ರಕ್ತಮಾಂಸವಾದ ಮೇಲೆ ಅದನ್ನು ಯಾರದ್ದೆಂದು ಗುರುತಿಸುವುದು? ಮರಳಿ ಬಂದವನು ಸತ್ತವನೇ ಎಂದು ಹೇಳುವುದು ಹೇಗೆ?

ಇಸ್ಲಾಮಿನ ನಂಬಿಕೆಯ ವಿಷಯಗಳನ್ನು ತರ್ಕದಿಂದ ಶೋಧಿಸುವ ಶಾಸ್ತ್ರಕ್ಕೆ ಇಲ್ಮುಲ್ ಕಲಾಂ ಎನ್ನುತ್ತಾರೆ. ಅದರ ಪಂಡಿತರನ್ನು ಇಲ್ಲಿ ಕಲಾಂ ಪಂಡಿತರು ಎಂದು ಕರೆಯುತ್ತೇನೆ. ಅವರ ಗ್ರಂಥಗಳಲ್ಲಿ ಸಾವಿನ ನಂತರದ ಅಧ್ಯಾಯಕ್ಕೆ ಒಂದು ಕ್ರಮವಿದೆ. ಮೊದಲು ಗೋರಿಯೊಳಗಿನ ವಿಚಾರಣೆ. ಆಮೇಲೆ ಅಂತ್ಯದಿನದಂದು ಎಲ್ಲರೂ ಎದ್ದು ಬರುವುದು. ಅನಂತರ ಕರ್ಮಗಳನ್ನು ತೂಗುವ ತಕ್ಕಡಿ, ಅಂದರೆ ಮೀಜಾನ್. ಕೊನೆಗೆ ನರಕದ ಮೇಲೆ ಹಾಸಿದ ಸೇತುವೆ, ಸಿರಾತ್. ಹೊರಗಿನಿಂದ ಓದುವವರಿಗೆ ಇವು ನಾಲ್ಕು ಭಯಾನಕ ಚಿತ್ರಗಳಾಗಿ ಕಾಣುತ್ತವೆ. ಕಲಾಂ ಪಂಡಿತರಿಗೆ ಇವು ನಾಲ್ಕು ಮೊಕದ್ದಮೆಗಳು. ನಾಲ್ಕಕ್ಕೂ ಅವರು ಹಚ್ಚಿದ ನಿಯಮ ಒಂದೇ.

ಆ ನಿಯಮ ಹೀಗಿದೆ. ಗೋರಿಯಲ್ಲಿ ಏನಾಗುತ್ತದೆ, ಪರಲೋಕದಲ್ಲಿ ತಕ್ಕಡಿ ಇದೆಯೇ ಎಂಬುದನ್ನು ಬುದ್ಧಿ ತಾನಾಗಿ ಕಂಡುಹಿಡಿಯಲಾರದು. ಅದು ಕೇಳಿ ತಿಳಿಯಬೇಕಾದ ವಿಷಯ. ಬುದ್ಧಿಗಿರುವ ಕೆಲಸ ಒಂದೇ: ಕೇಳಿದ್ದು ಅಸಂಭವವೇ ಎಂದು ಪರೀಕ್ಷಿಸುವುದು. ಒಂದೇ ವಸ್ತು ಒಂದೇ ಹೊತ್ತಿಗೆ ಇದ್ದೂ ಇಲ್ಲದಿರುವಂಥ ವಿರೋಧ ಅದರಲ್ಲಿದ್ದರೆ ಅದು ಅಸಂಭವ. ಆಗ ಆ ಮಾತನ್ನು ಬೇರೆ ಅರ್ಥದಲ್ಲಿ ತೆಗೆದುಕೊಳ್ಳಬೇಕು. ವಿರೋಧವಿಲ್ಲದಿದ್ದರೆ, ಅದು ಎಷ್ಟೇ ವಿಚಿತ್ರವಾಗಿರಲಿ, ನಾವು ಎಂದೂ ಕಾಣದ್ದೇ ಆಗಿರಲಿ, ಸತ್ಯವಂತನಾದ ಪ್ರವಾದಿ ಹೇಳಿದ್ದರಿಂದ ಹೇಳಿದ ಹಾಗೆಯೇ ನಂಬಬೇಕು. ಅಂದರೆ ಕಲಾಂ ಪಂಡಿತ ಪುನರುತ್ಥಾನವನ್ನು ಸಾಬೀತು ಮಾಡಲು ಹೊರಡುವುದಿಲ್ಲ. ಅದು ಸಾಧ್ಯ ಎಂದಷ್ಟೇ ತೋರಿಸುತ್ತಾನೆ, ಉಳಿದದ್ದನ್ನು ಪ್ರವಾದಿಯ ಮಾತಿಗೆ ಬಿಡುತ್ತಾನೆ. ಈ ಮಿತಿಯನ್ನು ಗಮನದಲ್ಲಿ ಇಟ್ಟುಕೊಳ್ಳದೆ ಅವರ ಗ್ರಂಥಗಳನ್ನು ಓದಿದರೆ ಅವರು ಮಾಡದ ಕೆಲಸವನ್ನು ಮಾಡಿದರೆಂದು ತಪ್ಪು ತಿಳಿಯುತ್ತೇವೆ.

ಸವಾಲು ಬಲವಾಗಿ ಬಂದದ್ದು ತತ್ತ್ವಜ್ಞಾನಿಗಳ ಕಡೆಯಿಂದ. ವೈದ್ಯನೂ ದಾರ್ಶನಿಕನೂ ಆಗಿದ್ದ ಇಬ್ನ್ ಸೀನಾ 1037ರಲ್ಲಿ ತೀರಿಕೊಂಡವನು. ಅವನ ಪ್ರಕಾರ ಮನುಷ್ಯನ ಸಾರ ಆತ್ಮ. ಅದು ದೇಹವಲ್ಲ, ದೇಹದ ಜೊತೆ ನಾಶವಾಗುವುದೂ ಇಲ್ಲ. ಸಾವಿನ ನಂತರದ ಸುಖದುಃಖವೆಲ್ಲ ಆತ್ಮದ್ದು. ತನ್ನ ಪ್ರಸಿದ್ಧ ದೊಡ್ಡ ಗ್ರಂಥಗಳಲ್ಲಿ ಅವನು ದೇಹದ ಪುನರುತ್ಥಾನ ಧರ್ಮದ ಮಾತಿನಿಂದ ತಿಳಿಯುವ ವಿಷಯ ಎಂದು ಹೇಳಿ ಮುಂದೆ ಹೋಗುತ್ತಾನೆ. ಇದೇ ವಿಷಯಕ್ಕೆ ಮೀಸಲಾದ ಒಂದು ಕಿರುಗ್ರಂಥದಲ್ಲಿ ಮಾತ್ರ ಮುಚ್ಚುಮರೆ ಇಲ್ಲ. ದೇಹ ಮರಳಿ ಬರುವುದು ಸಾಧ್ಯವೇ ಇಲ್ಲ, ಧರ್ಮಗ್ರಂಥಗಳ ತೋಟ, ಹೊಳೆ, ಬೆಂಕಿಯ ವರ್ಣನೆ ಸಾಮಾನ್ಯ ಜನರಿಗೆ ಅರ್ಥವಾಗಲೆಂದು ಬಳಸಿದ ಚಿತ್ರಭಾಷೆ ಎಂದು ಅಲ್ಲಿ ವಾದಿಸುತ್ತಾನೆ.

ಅವನ ಆಕ್ಷೇಪಗಳು ಹಗುರವಲ್ಲ. ದೇಹ ಮರಳುವುದಾದರೆ ಯಾವ ಹೊತ್ತಿನ ದೇಹ? ಸಾಯುವಾಗ ಇದ್ದದ್ದೇ ಎಂದರೆ, ಕೈ ಕಡಿದುಕೊಂಡವನು ಸ್ವರ್ಗದಲ್ಲೂ ಕೈಯಿಲ್ಲದೆ ಏಳಬೇಕು. ಜೀವಮಾನದಲ್ಲಿ ಅವನ ದೇಹವಾಗಿದ್ದ ಎಲ್ಲ ಅಂಶಗಳೂ ಮರಳುತ್ತವೆ ಎಂದರೆ, ಆಹಾರವಾಗಿ ಒಳಗೆ ಬಂದ ಒಂದೇ ಅಂಶ ಒಮ್ಮೆ ಯಕೃತ್ತಾಗಿ, ಇನ್ನೊಮ್ಮೆ ಕೈಯಾಗಿ ಇದ್ದಿರಬಹುದು. ಅದನ್ನು ಎಲ್ಲಿ ಇಡುವುದು? ಇಷ್ಟೇ ಅಲ್ಲ. ಜನವಸತಿಯಿದ್ದ ಯಾವುದೇ ಮಣ್ಣನ್ನು ತೆಗೆದುಕೊಂಡರೂ ಅದರಲ್ಲಿ ಹಿಂದಿನವರ ಶವ ಬೆರೆತಿದೆ. ಆ ಮಣ್ಣನ್ನು ಉತ್ತು ಬಿತ್ತಿ ಬೆಳೆದದ್ದನ್ನು ನಾವು ಉಂಡಿದ್ದೇವೆ. ಹಾಗಿರುವಾಗ ನಮ್ಮ ದೇಹದ ಅಂಶ ಎಷ್ಟು ಜನರದ್ದಾಗಿತ್ತೋ ಯಾರಿಗೆ ಗೊತ್ತು?

ಈ ವಾದಕ್ಕೆ ಇದಿರಾದವರು ಇಮಾಮ್ ಗಜ್ಜಾಲಿ. 1091ರಿಂದ ಅವರು ಬಗ್ದಾದಿನ ನಿಜಾಮಿಯಾ ವಿದ್ಯಾಲಯದಲ್ಲಿ ಮುಖ್ಯ ಅಧ್ಯಾಪಕರಾಗಿದ್ದರು. 1095ರಲ್ಲಿ ಮುಗಿಸಿದ ‘ತಹಾಫುತುಲ್ ಫಲಾಸಿಫಾ’ ಗ್ರಂಥದಲ್ಲಿ ತತ್ತ್ವಜ್ಞಾನಿಗಳ 20 ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಖಂಡಿಸಿದರು. ಕೊನೆಯದು, 20ನೆಯದು, ದೇಹದ ಪುನರುತ್ಥಾನದ್ದು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸುವುದು ಗಜ್ಜಾಲಿಯ ಕ್ರಮ. ಇಲ್ಲಿಯೂ ಹಾಗೆಯೇ ಮಾಡಿದ್ದಾರೆ. ಮೇಲೆ ಹೇಳಿದ ಆಕ್ಷೇಪಗಳೆಲ್ಲ ಅವರ ಪುಸ್ತಕದಲ್ಲಿ ಕುಂದಿಲ್ಲದೆ ಸಿಗುತ್ತವೆ.

ಅವರ ಮೊದಲ ಉತ್ತರ ನೆಟ್ಟಗೆ ಎದುರಾಳಿಯ ಮನೆಯೊಳಗೇ ನುಗ್ಗುತ್ತದೆ. ಮನುಷ್ಯ ಅಂದರೆ ಆತ್ಮವೇ ಎಂದು ಹೇಳುವವರು ನೀವು. ಮಗುವಾಗಿದ್ದಾಗ ಇದ್ದ ಮೈ ಮುದುಕನಾದಾಗ ಇಲ್ಲ. ದಪ್ಪಗಾಗುತ್ತಾನೆ, ಸಣ್ಣಗಾಗುತ್ತಾನೆ, ಆಹಾರ ಹೊಸ ಅಂಶಗಳನ್ನು ತರುತ್ತಲೇ ಇರುತ್ತದೆ. ಆದರೂ ಮನುಷ್ಯ ಅವನೇ ಎನ್ನುತ್ತೀರಿ. ಹಾಗಿದ್ದ ಮೇಲೆ ದೇವರು ಅದೇ ಆತ್ಮಕ್ಕೆ ಒಂದು ದೇಹವನ್ನು ಮರಳಿ ಕೊಟ್ಟರೆ, ಅದು ಹಳೆಯ ಮಣ್ಣಿನಿಂದ ಆಗಿರಲಿ ಹೊಸದರಿಂದ ಆಗಿರಲಿ, ಮನುಷ್ಯ ಅವನೇ ಆಗುವುದಕ್ಕೆ ನಿಮ್ಮ ಮತದ ಪ್ರಕಾರವೇ ಏನು ಅಡ್ಡಿ?

ಎರಡನೆಯ ಆಕ್ಷೇಪ ಪ್ರಕೃತಿಕ್ರಮದ್ದು. ಕಬ್ಬಿಣದ ತುಂಡು ಒಮ್ಮೆಲೇ ನೇಯ್ದ ಮುಂಡಾಸಾಗದು. ಅದು ಮಣ್ಣಾಗಿ, ಮಣ್ಣಿನಿಂದ ಹತ್ತಿಯ ಗಿಡವಾಗಿ, ಹತ್ತಿಯಿಂದ ನೂಲಾಗಿ, ಆಮೇಲೆ ಬಟ್ಟೆಯಾಗಬೇಕು. ಹಾಗೆಯೇ ವೀರ್ಯ, ರಕ್ತಪಿಂಡ, ಮಾಂಸದ ಮುದ್ದೆ ಎಂಬ ಮೆಟ್ಟಿಲುಗಳನ್ನು ಏರದೆ ಮಣ್ಣು ಮನುಷ್ಯನಾಗದು ಎಂಬುದು ತತ್ತ್ವಜ್ಞಾನಿಗಳ ಮಾತು. ಗಜ್ಜಾಲಿ ಮೆಟ್ಟಿಲುಗಳನ್ನು ಅಲ್ಲಗಳೆಯುವ ಗೋಜಿಗೆ ಹೋಗುವುದಿಲ್ಲ. ಮೆಟ್ಟಿಲುಗಳು ಬೇಕೇ ಎಂದಿಟ್ಟುಕೊಳ್ಳೋಣ, ಆದರೆ ಅವು ಇಷ್ಟೇ ಕಾಲ ತೆಗೆದುಕೊಳ್ಳಬೇಕು, ನಮಗೆ ಗೊತ್ತಿರುವ ಕಾರಣಗಳಿಂದಲೇ ಆಗಬೇಕು ಎಂದು ಯಾರು ಹೇಳಿದರು ಎಂದು ಕೇಳುತ್ತಾರೆ. ಸೂಜಿಗಲ್ಲನ್ನು ಎಂದೂ ನೋಡದವನಿಗೆ, ಒಂದು ಕಲ್ಲು ದೂರದಿಂದಲೇ ಕಬ್ಬಿಣವನ್ನು ಎಳೆಯುತ್ತದೆ ಎಂದರೆ ಸುಳ್ಳೆಂದೇ ಹೇಳುತ್ತಾನೆ. ಕಟ್ಟಿ ಎಳೆಯುವ ದಾರವಿಲ್ಲದೆ ಎಳೆತ ಸಾಧ್ಯವಿಲ್ಲ ಎಂದು ವಾದಿಸುತ್ತಾನೆ. ಕಣ್ಣಾರೆ ಕಂಡ ಮೇಲೆ ತನ್ನ ತಿಳಿವಳಿಕೆಯೇ ಕಿರಿದಾಗಿತ್ತೆಂದು ಒಪ್ಪುತ್ತಾನೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅವರು ಹೇಳುವುದಿದು: ಹುಟ್ಟುವಾಗಲೇ ಬುದ್ಧಿ ಬಲಿತ ಒಬ್ಬನಿದ್ದು, ಅವನಿಗೆ ಒಂದು ಹನಿ ದ್ರವದಿಂದ ಮೂಳೆ, ನರ, ಕಣ್ಣು, ನಾಲಗೆಗಳುಳ್ಳ ಮನುಷ್ಯ ಆಗುತ್ತಾನೆ ಎಂದರೆ ಅವನು ಅದನ್ನು ಪುನರುತ್ಥಾನಕ್ಕಿಂತ ಗಟ್ಟಿಯಾಗಿ ನಿರಾಕರಿಸುತ್ತಿದ್ದ. ನನ್ನ ಮಟ್ಟಿಗೆ ಇಡೀ ಚರ್ಚೆಯ ಅತ್ಯಂತ ಸಮರ್ಥ ವಾದ ಇದೇ. ಎಲುಬಿನ ಹುಡಿಗೆ ಯಾಸೀನ್ ಕೊಟ್ಟ ಉತ್ತರವನ್ನೇ ಇದು ಬಿಡಿಸಿ ಹೇಳುತ್ತದೆ: ನಾವು ಸಹಜ ಎಂದುಕೊಂಡದ್ದು ಅಭ್ಯಾಸದಿಂದ ಸಹಜವಾಗಿದೆ, ಅಷ್ಟೆ.

ಆದರೆ ಗಜ್ಜಾಲಿಯ ಮೊದಲ ಉತ್ತರಕ್ಕೆ ಒಂದು ಬೆಲೆ ತೆರಬೇಕಾಗಿತ್ತು. ಹೊಸ ಮಣ್ಣಿನ ದೇಹವಾದರೂ ಆದೀತು ಎಂದರೆ ಗೋರಿಯೊಳಗಿನ ಎಲುಬಿಗೆ ಮಹತ್ವವೇನು ಉಳಿಯಿತು? ಇದು ಅವರಿಗೂ ಗೊತ್ತಿತ್ತು. ಆಮೇಲೆ ಬರೆದ ‘ಅಲ್ ಇಕ್ತಿಸಾದ್’ ಎಂಬ ಗ್ರಂಥದಲ್ಲಿ, ತಹಾಫುತಿನಲ್ಲಿ ಹೇಳಿದ್ದು ಎದುರಾಳಿಯನ್ನು ಅವನ ಮಾತಿನಲ್ಲೇ ಕಟ್ಟಿಹಾಕಲು, ಅದು ನಮ್ಮ ನಂಬಿಕೆಗೆ ಹೊಂದುವುದಿಲ್ಲ ಎಂದು ಬಿಡಿಸಿ ಬರೆದರು.

ಹಾಗಾದರೆ ಕಲಾಂ ಪಂಡಿತರ ಸ್ವಂತ ಉತ್ತರವೇನು? ಅದು ಅವರ ಪರಮಾಣುವಾದದ ಮೇಲೆ ನಿಂತಿದೆ. ಲೋಕದ ಪ್ರತಿಯೊಂದು ವಸ್ತುವೂ ಇನ್ನು ಒಡೆಯಲಾಗದ ಕಣಗಳ ಕೂಟ. ಬಣ್ಣ, ಬಿಸಿ, ಚಲನೆ, ಜೀವ, ಅರಿವು ಇವೆಲ್ಲ ಆ ಕಣಗಳಲ್ಲಿ ನೆಲೆಸುವ ಗುಣಗಳು. ಅಶ್‌ಅರಿ ಪಂಥದವರ ಪ್ರಕಾರ ಯಾವ ಗುಣವೂ ಎರಡು ಕ್ಷಣ ಬಾಳುವುದಿಲ್ಲ. ದೇವರು ಅದನ್ನು ಕ್ಷಣಕ್ಷಣವೂ ಹೊಸದಾಗಿ ಉಂಟುಮಾಡುತ್ತಾನೆ. ಈ ದೃಷ್ಟಿಯಲ್ಲಿ ಈ ಕ್ಷಣ ನಾನು ಜೀವಂತವಾಗಿರುವುದಕ್ಕೂ ಸತ್ತವನು ಎದ್ದು ಬರುವುದಕ್ಕೂ ಜಾತಿಯಲ್ಲಿ ವ್ಯತ್ಯಾಸವಿಲ್ಲ. ಕಣಗಳು ಚದುರಿದ್ದರೆ ದೇವರು ಒಟ್ಟುಗೂಡಿಸುತ್ತಾನೆ, ಇಲ್ಲವಾಗಿದ್ದರೆ ಮತ್ತೆ ಉಂಟುಮಾಡುತ್ತಾನೆ. ಎರಡರಲ್ಲಿ ಯಾವುದು ಎಂದು ಖಚಿತವಾಗಿ ಹೇಳುವ ವಚನವಿಲ್ಲ, ಎರಡೂ ಸಾಧ್ಯ ಎಂದು ಗಜ್ಜಾಲಿಯ ಗುರು ಜುವೈನಿ ಬಿಟ್ಟುಬಿಟ್ಟರು.

ಇಷ್ಟಾದರೂ ಉಣ್ಣುವವನ ಪ್ರಶ್ನೆ ಹಾಗೆಯೇ ಉಳಿಯಿತು. ಅದನ್ನು ಅರಬಿ ಗ್ರಂಥಗಳಲ್ಲಿ ಬರುವಂತೆಯೇ ಬಿಡಿಸಿ ನೋಡೋಣ. ಜೈದ್ ಎಂಬವನು ಅಮ್ರ್ ಎಂಬವನನ್ನು ತಿಂದ. ಅಮ್ರನ ಮಾಂಸ ಜೈದನ ಮಾಂಸವಾಯಿತು. ಅಂತ್ಯದಿನದಂದು ಆ ಕಣಗಳು ಇಬ್ಬರಲ್ಲೂ ಏಳಬೇಕೆಂದರೆ ಒಂದೇ ಕಣ ಒಂದೇ ಹೊತ್ತಿಗೆ ಎರಡು ಕಡೆ ಇರಬೇಕು. ಇದು ಅಸಂಭವ. ಒಬ್ಬನಲ್ಲಿ ಮಾತ್ರ ಎಂದರೆ ಇನ್ನೊಬ್ಬ ಪೂರ್ತಿಯಾಗಿ ಏಳಲಿಲ್ಲ. ಜೈದ್ ಪಾಪಿ, ಅಮ್ರ್ ಸಜ್ಜನ ಎಂದಾದರಂತೂ ಸಜ್ಜನನ ಮೈ ನರಕದಲ್ಲಿ ಬೇಯಬೇಕಾಗುತ್ತದೆ. ಗಮನಿಸಿ, ಇಲ್ಲಿ ಆಕ್ಷೇಪ ವಿಚಿತ್ರವೆಂಬುದರ ಮೇಲೆ ನಿಂತಿಲ್ಲ. ಕಲಾಂ ಪಂಡಿತರೇ ಒಪ್ಪಿದ ನಿಯಮದ ಮೇಲೆ, ಅಸಂಭವದ ಮೇಲೆ ನಿಂತಿದೆ. ಅದಕ್ಕೇ ಇದಕ್ಕೆ ದೇವರ ಸಾಮರ್ಥ್ಯವನ್ನು ಮುಂದೆ ಮಾಡಿ ತಪ್ಪಿಸಿಕೊಳ್ಳುವಂತಿರಲಿಲ್ಲ.

ಅವರು ಕೊಟ್ಟ ಉತ್ತರ ‘ಮೂಲ ಕಣ’ಗಳದ್ದು. ದೇಹದಲ್ಲಿ ಎರಡು ಬಗೆಯ ಅಂಶಗಳಿವೆ. ಹುಟ್ಟಿನಿಂದ ಸಾವಿನವರೆಗೂ ಬದಲಾಗದೆ ಉಳಿಯುವ ಮೂಲ ಕಣಗಳು ಒಂದು ಬಗೆ. ಆಹಾರದಿಂದ ಬಂದು ಹೋಗುವ, ಮೈ ತುಂಬಿಸುವ ಹೆಚ್ಚುವರಿ ಅಂಶಗಳು ಇನ್ನೊಂದು. ಮರಳುವುದು ಮೂಲ ಕಣಗಳು. ಅಮ್ರನ ಮಾಂಸ ಜೈದನಿಗೆ ಆಹಾರ, ಆದ್ದರಿಂದ ಅವನಲ್ಲಿ ಅದು ಹೆಚ್ಚುವರಿ. ಅಮ್ರನ ಮೂಲ ಕಣಗಳು ಅಮ್ರನಿಗೇ ಸೇರುತ್ತವೆ, ಜೈದನಿಗೆ ಯಾವ ನಷ್ಟವೂ ಇಲ್ಲ. ಕೈ ಕಡಿದುಕೊಂಡವನ ಪ್ರಶ್ನೆಯೂ ಇದರಿಂದ ಬಗೆಹರಿಯುತ್ತದೆ. ಮನುಷ್ಯನ ಮೈಯೆಲ್ಲ ಮಣ್ಣಾಗುತ್ತದೆ, ಬೆನ್ನುಹುರಿಯ ತುದಿಯ ಬಾಲದೆಲುಬೊಂದು ಉಳಿಯುತ್ತದೆ, ಅದರಿಂದಲೇ ಅವನನ್ನು ಮತ್ತೆ ಜೋಡಿಸಲಾಗುತ್ತದೆ ಎಂಬ ಹದೀಸ್ ಬುಖಾರಿ, ಮುಸ್ಲಿಂ ಸಂಗ್ರಹಗಳೆರಡರಲ್ಲೂ ಇದೆ. ಅದೂ ಈ ವಾದಕ್ಕೆ ಒತ್ತಾಸೆಯಾಯಿತು.

ಎದುರಾಳಿ ಸುಮ್ಮನಿರಲಿಲ್ಲ. ಅಮ್ರನ ಮೂಲ ಕಣಗಳು ಜೈದನಲ್ಲಿ ವೀರ್ಯವಾಗಿ, ಅದರಿಂದ ಮಗು ಹುಟ್ಟಿದರೆ? ಆಗ ಅವು ಆ ಮಗುವಿನ ಮೂಲ ಕಣಗಳಾದವು, ಗಂಟು ಮತ್ತೆ ಬಿಗಿಯಿತು. ಇದನ್ನು ಎತ್ತಿಕೊಂಡವರು 1390ರಲ್ಲಿ ತೀರಿಕೊಂಡ ಸಅದುದ್ದೀನ್ ತಫ್ತಾಜಾನಿ. ಅವರ ಉತ್ತರ: ಒಬ್ಬನ ಮೂಲ ಕಣ ಇನ್ನೊಬ್ಬನ ಮೂಲ ಕಣವಾಗದಂತೆ ದೇವರು ಕಾಯುತ್ತಿರಬಹುದು. ಇದು ಜಾರಿಕೊಳ್ಳುವ ಉತ್ತರದಂತೆ ಕೇಳಿಸುತ್ತದೆ. ಆದರೆ ನಿಯಮವನ್ನು ನೆನಪಿಸಿಕೊಂಡರೆ ಅವರ ಲೆಕ್ಕ ತಿಳಿಯುತ್ತದೆ. ಅಸಂಭವ ಎಂದು ಸಾಧಿಸುವ ಹೊಣೆ ಆಕ್ಷೇಪಿಸಿದವನದ್ದು. ವಿರೋಧವಿಲ್ಲದ ಒಂದು ದಾರಿಯನ್ನು ತೋರಿಸಿದರೆ ಸಾಕು, ಆ ದಾರಿಯಲ್ಲೇ ನಡೆಯಿತೆಂದು ಸಾಧಿಸಬೇಕಾಗಿಲ್ಲ.

ಕನ್ನಡದ ಓದುಗರು ಇನ್ನೊಂದು ಆಕ್ಷೇಪವನ್ನು ತಾವಾಗಿಯೇ ಕೇಳಿಯಾರು. ಹಳೆಯ ಆತ್ಮ ಹೊಸ ದೇಹಕ್ಕೆ ಬರುವುದು ಪುನರ್ಜನ್ಮವೇ ಅಲ್ಲವೇ? ಸ್ವರ್ಗಕ್ಕೆ ಹೋಗುವವರು ಗಡ್ಡ ಮೂಡದ ತರುಣರಂತೆ ಇರುತ್ತಾರೆ, ನರಕದವನ ಹಲ್ಲು ಮದೀನಾದ ಉಹುದ್ ಬೆಟ್ಟದಷ್ಟಿರುತ್ತದೆ ಎಂದು ಹದೀಸುಗಳೇ ಹೇಳುತ್ತವೆ. ಅಂಥ ದೇಹ ಹಳೆಯದ್ದಂತೂ ಅಲ್ಲ. ತಫ್ತಾಜಾನಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸುತ್ತಾರೆ. ಎರಡನೆಯ ದೇಹ ಮೊದಲಿನ ದೇಹದ ಮೂಲ ಕಣಗಳಿಂದ ಆಗದಿದ್ದರೆ ಮಾತ್ರ ಅದು ಪುನರ್ಜನ್ಮ. ಅದೇ ಕಣಗಳಿಂದ ಆಗಿದ್ದರೆ ಆಕಾರ ಬದಲಾದರೂ ಅದು ಮರಳುವಿಕೆ. ಇದನ್ನೂ ಪುನರ್ಜನ್ಮ ಎಂದೇ ಕರೆಯುತ್ತೇನೆಂದು ಯಾರಾದರೂ ಹಟ ಹಿಡಿದರೆ ಅದು ಹೆಸರಿನ ಜಗಳ, ವಿಷಯದ್ದಲ್ಲ. ವ್ಯತ್ಯಾಸ ಎಲ್ಲಿದೆ ಎಂಬುದು ಇಲ್ಲಿ ನಿಚ್ಚಳವಾಗುತ್ತದೆ. ಪುನರ್ಜನ್ಮವಾದಿಗೆ ದೇಹ ಬದಲಾಗುವುದು, ಆತ್ಮ ಉಳಿಯುವುದು. ಕಲಾಂ ಪಂಡಿತನಿಗೆ ಪಾಪವನ್ನೋ ಪುಣ್ಯವನ್ನೋ ಮಾಡಿದ್ದು ಈ ದೇಹದೊಡನೆ ಇದ್ದ ಮನುಷ್ಯ, ಆದ್ದರಿಂದ ಫಲ ಉಣ್ಣಬೇಕಾದ್ದೂ ಅದೇ ದೇಹದೊಡನೆ.

ಈ ವಾದಸರಣಿಯ ಬಲಹೀನ ಕೊಂಡಿ ಮೂಲ ಕಣಗಳೇ ಎಂದು ನನಗೆ ಅನಿಸುತ್ತದೆ. ಅವು ಯಾವುವು, ಮೈಯಲ್ಲಿ ಎಲ್ಲಿವೆ ಎಂದು ತೋರಿಸುವ ದಾರಿಯಿಲ್ಲ. ಆಕ್ಷೇಪಕ್ಕೆ ಉತ್ತರವಾಗಲೆಂದೇ ಅವು ಹುಟ್ಟಿದಂತಿವೆ. 1198ರಲ್ಲಿ ತೀರಿಕೊಂಡ ಅಂದಲೂಸಿನ ಇಬ್ನ್ ರುಶ್ದ್ ಗಜ್ಜಾಲಿಗೆ ಉತ್ತರ ಬರೆಯುವಾಗ ಬೇರೆ ದಾರಿ ಹಿಡಿದ. ಒಮ್ಮೆ ನಾಶವಾದದ್ದು ಅದೇ ಆಗಿ ಮರಳದು. ಎದ್ದು ಬರುವುದು ಈ ದೇಹದಂಥ ದೇಹ, ಈ ದೇಹವೇ ಅಲ್ಲ ಎಂದು ಅವನು ಹೇಳಿದ. ಕೆಣಕುವ ಉತ್ತರ. ಆದರೆ ಕಲಾಂ ಶಾಲೆಗಳು ಅದನ್ನು ಒಪ್ಪಲಿಲ್ಲ. ಹೋಲುವವನನ್ನು ಶಿಕ್ಷಿಸಿದರೆ ನ್ಯಾಯ ಹೇಗಾದೀತು ಎಂಬುದು ಅವರ ಆತಂಕ.

ಇದೇ ನಿಯಮ ಗೋರಿಯೊಳಗೆ ಹೇಗೆ ಕೆಲಸ ಮಾಡುತ್ತದೆ ನೋಡಿ. ಶವವನ್ನು ಹೂತು ಜನ ಹಿಂತಿರುಗಿದ ಮೇಲೆ ಮುನ್ಕರ್, ನಕೀರ್ ಎಂಬ ಇಬ್ಬರು ಮಲಕ್‌ಗಳು ಬಂದು ನಿನ್ನ ಪ್ರಭು ಯಾರು, ನಿನ್ನ ಧರ್ಮ ಯಾವುದು, ನಿನ್ನ ಪ್ರವಾದಿ ಯಾರು ಎಂದು ಕೇಳುತ್ತಾರೆ. ಉತ್ತರಕ್ಕೆ ತಕ್ಕಂತೆ ಗೋರಿ ತೋಟವಾಗುತ್ತದೆ ಅಥವಾ ಶಿಕ್ಷೆಯ ತಾಣವಾಗುತ್ತದೆ. ನಮ್ಮ ಕರಾವಳಿಯಲ್ಲಿ ಶಾಫಿಈ ಪದ್ಧತಿಯವರು ದಫನಿನ ನಂತರ ಗೋರಿಯ ಬಳಿ ನಿಂತು ಮೃತನಿಗೆ ಈ ಉತ್ತರಗಳನ್ನು ನೆನಪಿಸುವ ತಲ್ಖೀನ್ ಓದುವುದನ್ನು ಹಲವರು ಕಂಡಿರಬಹುದು. ಆಕ್ಷೇಪ ಎಲ್ಲರಿಗೂ ಹೊಳೆಯುವಂಥದ್ದು: ಗೋರಿ ತೆರೆದು ನೋಡಿದರೆ ಶವ ಇಟ್ಟ ಹಾಗೇ ಇರುತ್ತದೆ. ಶೂಲಕ್ಕೇರಿಸಿದವನು ಎಲ್ಲರ ಕಣ್ಣೆದುರೇ ತೂಗುತ್ತಿರುತ್ತಾನೆ, ಹುಲಿ ತಿಂದವನಿಗೆ ಗೋರಿಯೇ ಇಲ್ಲ. ಮುಅತಜಿಲ ಪಂಥದ ಮೊದಲಿಗರ ಜೊತೆ ಹೆಸರು ಕೇಳಿಬರುವ ದಿರಾರ್ ಬಿನ್ ಅಮ್ರ್ ಇದನ್ನು ನಿರಾಕರಿಸಿದ್ದ. ಬಹುಪಾಲು ಮುಅತಜಿಲರು ಒಪ್ಪಿಕೊಂಡೇ ಇದ್ದರು.

ತಫ್ತಾಜಾನಿ ಇಲ್ಲಿ ಅಳೆದು ತೂಗಿ ಮಾತಾಡುತ್ತಾರೆ. ನೋವು ಅಥವಾ ಹಿತ ತಿಳಿಯುವಷ್ಟು ಮಟ್ಟಿಗಿನ ಜೀವವನ್ನು ದೇವರು ಶವದ ಎಲ್ಲ ಅಂಶಗಳಲ್ಲೋ ಕೆಲವದರಲ್ಲೋ ಉಂಟುಮಾಡಿದರೆ ಸಾಕು. ಅದಕ್ಕಾಗಿ ಆತ್ಮ ಪೂರ್ತಿಯಾಗಿ ಮರಳಬೇಕಿಲ್ಲ, ಶವ ಅಲುಗಾಡಬೇಕಿಲ್ಲ, ನೀರಲ್ಲಿ ಮುಳುಗಿದವನಿಗೂ ಮೃಗದ ಹೊಟ್ಟೆಯಲ್ಲಿರುವವನಿಗೂ ಅದು ಆಗಬಹುದು. ಗಜ್ಜಾಲಿ ಇನ್ನೂ ಹತ್ತಿರದ ಉದಾಹರಣೆ ಕೊಡುತ್ತಾರೆ. ನಿದ್ದೆಯಲ್ಲಿರುವವನನ್ನು ಕನಸಿನಲ್ಲಿ ಹಾವು ಕಚ್ಚುತ್ತದೆ, ಅವನು ನಿಜವಾಗಿ ನರಳುತ್ತಾನೆ, ಪಕ್ಕದಲ್ಲಿ ಕುಳಿತವನಿಗೆ ಹಾವೂ ಕಾಣದು, ನೋವೂ ಕಾಣದು. ಪ್ರವಾದಿಗೆ ಜಿಬ್ರೀಲ್ ಕಾಣುತ್ತಿದ್ದಾಗ ಸುತ್ತ ಇದ್ದವರಿಗೆ ಕಾಣುತ್ತಿರಲಿಲ್ಲ. ನಮ್ಮ ಕಣ್ಣಿಗೆ ಬೀಳಲಿಲ್ಲ ಎಂಬುದು ಇಲ್ಲ ಎಂಬುದಕ್ಕೆ ಪುರಾವೆಯಾಗದು.

ತಕ್ಕಡಿಯ ವಿಷಯಕ್ಕೆ ಬಂದಾಗ ಪಂಡಿತರು ತಮ್ಮ ಪರಮಾಣುವಾದಕ್ಕೇ ಸಿಕ್ಕಿಬಿದ್ದರು. ಅಂತ್ಯದಿನದಂದು ನ್ಯಾಯದ ತಕ್ಕಡಿಗಳನ್ನು ಇಡಲಾಗುವುದೆಂದು ಕುರ್‌ಆನಿನ 21ನೇ ಅಧ್ಯಾಯ ಹೇಳುತ್ತದೆ. ಆದರೆ ಕರ್ಮ ಎಂಬುದು ಒಂದು ಗುಣ, ಕಣವಲ್ಲ. ಮಾಡಿದ ಕ್ಷಣದಲ್ಲೇ ಅದು ಮುಗಿದುಹೋಯಿತು. ಮುಗಿದದ್ದನ್ನು, ಅದೂ ಭಾರವಿಲ್ಲದ್ದನ್ನು ತೂಗುವುದು ಹೇಗೆ? ದೇವರಿಗೆ ಎಲ್ಲ ಗೊತ್ತಿರುವಾಗ ತೂಗುವುದಾದರೂ ಏಕೆ? ಈ ಕಾರಣಕ್ಕೆ ಮುಅತಜಿಲರಲ್ಲಿ ಹಲವರು ತಕ್ಕಡಿ ಅಂದರೆ ನ್ಯಾಯ ಎಂದಷ್ಟೇ ಅರ್ಥ ಎಂದರು. ಅಶ್‌ಅರಿಗಳು ಹುಡುಕಿದ ದಾರಿ ಕರ್ಮಗಳನ್ನು ಬರೆದ ಪುಟಗಳದ್ದು. ತೂಗುವುದು ಆ ಪುಟಗಳನ್ನು, ಕರ್ಮದ ಯೋಗ್ಯತೆಗೆ ತಕ್ಕ ಭಾರವನ್ನು ದೇವರು ಅವುಗಳಲ್ಲಿ ಇಡುತ್ತಾನೆ. ಇದಕ್ಕೆ ಆಧಾರ ತಿರ್ಮಿದಿ ಸಂಗ್ರಹದ ಒಂದು ಹದೀಸ್. ಒಬ್ಬನ ಪಾಪಗಳ 99 ಸುರುಳಿಗಳನ್ನು, ಒಂದೊಂದೂ ಕಣ್ಣು ಹಾಯುವಷ್ಟು ಉದ್ದದ್ದನ್ನು, ಒಂದು ತಟ್ಟೆಯಲ್ಲಿ ಇಡಲಾಗುತ್ತದೆ. ಅವನಿಗೆ ಬಾಯಿ ಬಾರದು. ಆಗ ಒಂದು ಸಣ್ಣ ಚೀಟಿ ಹೊರಬರುತ್ತದೆ. ಅದರಲ್ಲಿರುವುದು ದೇವರೊಬ್ಬನೇ, ಮುಹಮ್ಮದರು ಅವನ ದೂತರು ಎಂಬ ಸಾಕ್ಷ್ಯವಚನ. ಇಷ್ಟು ಸುರುಳಿಗಳೆದುರು ಈ ಚೀಟಿ ಏನು ಮಾಡೀತು ಎಂದು ಅವನು ಕೇಳುತ್ತಾನೆ. ಚೀಟಿಯ ತಟ್ಟೆ ಇಳಿಯುತ್ತದೆ, ಸುರುಳಿಗಳು ಮೇಲೆ ಹಾರುತ್ತವೆ.

ಗಜ್ಜಾಲಿಯ ಪ್ರಾಮಾಣಿಕತೆ ನನಗೆ ಇಷ್ಟವಾಗುವುದು ಇಲ್ಲಿ. ಬೇರೊಂದು ಗ್ರಂಥದಲ್ಲಿ ಅವರು, ಪುಟಗಳನ್ನು ತೂಗುತ್ತಾರೆ ಎನ್ನುವ ಅಶ್‌ಅರಿಯೂ ಪದದ ನೇರ ಅರ್ಥವನ್ನು ಬಿಟ್ಟವನೇ ಎಂದು ತಮ್ಮವರಿಗೆ ನೆನಪಿಸುತ್ತಾರೆ. ವಚನ ಹೇಳುವುದು ಕರ್ಮವನ್ನು ತೂಗುವ ಮಾತು, ಪುಟವನ್ನಲ್ಲ. ಮುಅತಜಿಲ ತಕ್ಕಡಿಗೆ ಬೇರೆ ಅರ್ಥ ಹೇಳಿದರೆ, ಅಶ್‌ಅರಿ ಕರ್ಮಕ್ಕೆ ಬೇರೆ ಅರ್ಥ ಹೇಳಿದ. ಅಂದ ಮೇಲೆ ಒಬ್ಬರು ಇನ್ನೊಬ್ಬರನ್ನು ಧರ್ಮಭ್ರಷ್ಟ ಎನ್ನುವುದು ಯಾವ ಬಾಯಲ್ಲಿ?

ಸೇತುವೆಯ ಚರ್ಚೆ ಚಿಕ್ಕದು. ಅದು ನರಕದ ಬೆನ್ನ ಮೇಲೆ ಹಾಸಿದ್ದು, ಕೂದಲಿಗಿಂತ ತೆಳು, ಕತ್ತಿಗಿಂತ ಹರಿತ ಎಂಬ ವರ್ಣನೆ ಬಂದಿದೆ. ಒಬ್ಬರು ಮಿಂಚಿನಂತೆ ದಾಟುತ್ತಾರೆ, ಒಬ್ಬರು ಗಾಳಿಯಂತೆ, ಒಬ್ಬರು ಓಡುವ ಕುದುರೆಯಂತೆ, ಕೆಲವರು ತೆವಳುತ್ತಾರೆ, ಕೆಲವರು ಬೀಳುತ್ತಾರೆ. 1025ರಲ್ಲಿ ತೀರಿಕೊಂಡ ಮುಅತಜಿಲ ಪಂಡಿತ ಕಾಜಿ ಅಬ್ದುಲ್ ಜಬ್ಬಾರ್ ಸ್ವರ್ಗಕ್ಕೂ ನರಕಕ್ಕೂ ನಡುವೆ ಒಂದು ದಾರಿ ಇದೆ ಎಂದು ಒಪ್ಪಿದರು, ಕೂದಲಿನ ತೆಳುವನ್ನು ಒಪ್ಪಲಿಲ್ಲ. ಪರಲೋಕ ಪರೀಕ್ಷೆಯ ತಾಣವಲ್ಲ, ಫಲದ ತಾಣ, ಸಜ್ಜನನನ್ನು ಅಲ್ಲಿ ಯಾಕೆ ಕಾಡಬೇಕು ಎಂಬುದು ಅವರ ಪ್ರಶ್ನೆ. ಹಕ್ಕಿಯನ್ನು ಗಾಳಿಯಲ್ಲಿ ನಿಲ್ಲಿಸಿ ಹಾರಿಸುವವನಿಗೆ ಮನುಷ್ಯನನ್ನು ಅದರ ಮೇಲೆ ನಡೆಸುವುದು ಕಷ್ಟವಲ್ಲ, ಸಜ್ಜನನಿಗೆ ಅದು ಸುಲಭವಾಗುತ್ತದೆ ಎಂದು ಗಜ್ಜಾಲಿಯೂ ತಫ್ತಾಜಾನಿಯೂ ಉತ್ತರಿಸಿದರು. ಸಾಧ್ಯವೇ ಎಂಬ ಪ್ರಶ್ನೆಗೆ ಇದು ಉತ್ತರ. ಯಾಕೆ ಎಂಬ ಪ್ರಶ್ನೆಗೆ ಅಲ್ಲ. ಕಾಜಿ ಕೇಳಿದ್ದು ಎರಡನೆಯದನ್ನು, ಅದಕ್ಕೆ ಅಶ್‌ಅರಿಗಳ ಬಳಿ ದೇವರ ಇಚ್ಛೆ ಎಂಬುದಕ್ಕಿಂತ ಹೆಚ್ಚಿನ ಉತ್ತರವಿರಲಿಲ್ಲ.

ನಾಲ್ಕು ವಿಷಯಗಳಿಗೂ ನಿಯಮ ಒಂದೇ ಆದರೂ ತಪ್ಪಿದವನಿಗೆ ಕೊಟ್ಟ ತೀರ್ಪು ಒಂದೇ ಆಗಿರಲಿಲ್ಲ. ತಕ್ಕಡಿಯ ರೂಪ, ಸೇತುವೆಯ ಅಗಲಗಳ ಬಗೆಗಿನ ಭಿನ್ನಮತವನ್ನು ಪಂಥಗಳ ನಡುವಿನ ತಪ್ಪುಒಪ್ಪಿನ ಜಗಳವೆಂದೇ ಎಣಿಸಿದರು. ದೇಹದ ಪುನರುತ್ಥಾನವನ್ನು ನಿರಾಕರಿಸುವುದು ಮಾತ್ರ ಹಾಗಲ್ಲ. ತಹಾಫುತಿನ ಕೊನೆಯ ಪುಟಗಳಲ್ಲಿ ಗಜ್ಜಾಲಿ 20 ವಾದಗಳಲ್ಲಿ ಮೂರನ್ನಷ್ಟೇ ಧರ್ಮದ ಎಲ್ಲೆ ಮೀರಿದವು ಎಂದು ಘೋಷಿಸಿದರು. ಜಗತ್ತು ಅನಾದಿ ಎಂಬುದು ಒಂದು, ದೇವರಿಗೆ ಬಿಡಿ ಸಂಗತಿಗಳ ಅರಿವಿಲ್ಲ ಎಂಬುದು ಎರಡನೆಯದು, ದೇಹ ಮರಳದು ಎಂಬುದು ಮೂರನೆಯದು. ತಫ್ತಾಜಾನಿ 1367ರಲ್ಲಿ ಮುಗಿಸಿದ ‘ಶರಹುಲ್ ಅಕಾಇದ್’, ಸಮರ್ಕಂದದ ಉಮರ್ ನಸಫಿ ಬರೆದ ಕಿರುಗ್ರಂಥದ ಮೇಲಿನ ವ್ಯಾಖ್ಯಾನ, ಲಖ್ನೋದ ಫಿರಂಗಿ ಮಹಲಿನಲ್ಲಿ 18ನೇ ಶತಮಾನದಲ್ಲಿ ರೂಪುಗೊಂಡ ದರ್ಸೆ ನಿಜಾಮಿ ಪಠ್ಯಕ್ರಮದಲ್ಲಿ ಸೇರಿತು. ಆ ಕ್ರಮವನ್ನು ಅನುಸರಿಸುವ ಭಾರತದ ಮದ್ರಸಾಗಳಲ್ಲಿ ವಿದ್ಯಾರ್ಥಿಗಳು ಗೋರಿ, ತಕ್ಕಡಿ, ಸೇತುವೆಗಳ ಈ ವಾದಗಳನ್ನು ಇಂದಿಗೂ ಆ ಪುಸ್ತಕದಿಂದಲೇ ಓದುತ್ತಾರೆ.